ಜುಲೈ 31, ಆದಾಯ ತೆರಿಗೆ ರಿಟರ್ನ್ ಹಾಕುವ ಕೊನೆಯ ದಿನ ಅಂದ್ರೆ ನಿಮಗೆ ಯಾವುದರ ಭಯ?

ಬದಿಯಡ್ಕ, ಕುಂಬಳೆ ಕಡೆಯ ಸಂಬಳದವರು, ಪೆನ್ಶನ್‌ನವರು ಜುಲೈ ಕೊನೆಗೆ ನಮ್ಮ ಆಫೀಸಿಗೆ ಬಂದು ಕೇಳುವುದು ಒಂದೇ: "ಡೇಟ್ ದಾಟಿದ್ರೆ ಕೇಸ್ ಆಗ್ತದಾ ಮಾರಾಯ್ರೇ?"

ಇಲ್ಲ. ತಡವಾದರೆ ಡಿಸೆಂಬರ್ 31ರವರೆಗೂ ರಿಟರ್ನ್ ಹಾಕಬಹುದು. ಲೇಟ್ ಫೀ ಇದೆ: ಆದಾಯ 5 ಲಕ್ಷದೊಳಗಿದ್ದರೆ ಹೆಚ್ಚೆಂದರೆ 1,000 ರೂಪಾಯಿ, ಮೇಲಿದ್ದರೆ 5,000. ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ.

ನಮಗೆ ಜಾಸ್ತಿ ತಲೆಬಿಸಿ ಒಟಿಪಿಯದ್ದು. ರಿಟರ್ನ್ ಹಾಕಿ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಅಪ್ಪ ಇಲ್ಲಿ ಕುರ್ಚಿಯಲ್ಲಿ ಕೂತಿರುತ್ತಾರೆ, ಆಧಾರ್‌ಗೆ ಕೊಟ್ಟ ನಂಬರಿನ ಸಿಮ್ ದುಬೈಯಲ್ಲಿರುವ ಮಗನ ಹತ್ತಿರ! ಅವನು ಡ್ಯೂಟಿಯಲ್ಲಿ. ಫೋನ್ ಎತ್ತುವಾಗ ಒಟಿಪಿಯ ಸಮಯ ಮುಗಿದಿರುತ್ತದೆ. ಸುಮ್ನೆ ಈಗಲೇ ಅಕ್ಷಯ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ.

ಅಂಗಡಿಯವರ ಭಯ ತಿಂಗಳು ತಿಂಗಳೂ ಬರುತ್ತದೆ, ಜಿಎಸ್‌ಟಿಯ 20ನೇ ತಾರೀಕು. ಅದಕ್ಕೆ ಇನ್ನೊಂದು ದಿನ ಬರೆಯುತ್ತೇವೆ.

ಈಗ ನೀವು ಹೇಳಿ. ನೋಟಿಸ್ ಬರುವ ಭಯವಾ? ಫಾರ್ಮ್ 16 ಸಿಗದ ಚಿಂತೆಯಾ? ಬ್ಯಾಂಕ್ ಬಡ್ಡಿ ತೋರಿಸಲು ಮರೆತೆವಾ ಅಂತಲಾ? ಕೆಳಗೆ ಬರೆಯಿರಿ, ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇವೆ. ಪ್ಯಾನ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ, ಆಯ್ತಾ?