ಮೊಮ್ಮಗಳ ಶಾಲಾ ಪ್ರವೇಶಕ್ಕೆ ವಾಸಸ್ಥಳ ದೃಢೀಕರಣ ಪತ್ರ ಕೋರಿ ಅರ್ಜಿ

ಇವರಿಂದ,
ಭೀಮರಾಯ ತಂದೆ ಹಣಮಂತಪ್ಪ
ಮನೆ ಸಂಖ್ಯೆ 2-47, ಹನುಮಾನ ಗುಡಿ ಓಣಿ
ಹಿರೇಕಲ್ಲೂರು ಗ್ರಾಮ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಇವರಿಗೆ,
ಮಾನ್ಯ ತಹಶೀಲ್ದಾರರು
ಶಹಾಪುರ ತಾಲ್ಲೂಕು
(ನಾಡಕಚೇರಿಯ ಉಪ ತಹಶೀಲ್ದಾರರ ಮೂಲಕ)

ದಿನಾಂಕ: 12.05.2025

ವಿಷಯ: ಮೊಮ್ಮಗಳು ಭಾಗ್ಯಶ್ರೀ ತಂದೆ ಮರೆಪ್ಪ ಇವಳಿಗೆ 6ನೇ ತರಗತಿಯ ಪ್ರವೇಶಕ್ಕಾಗಿ ವಾಸಸ್ಥಳ ದೃಢೀಕರಣ ಪತ್ರ ನೀಡುವ ಕುರಿತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಗ ಮರೆಪ್ಪ ಮತ್ತು ಸೊಸೆ ದೇವಮ್ಮ ಬೆಂಗಳೂರಿಗೆ ಗುಳೆ ಹೋಗಿ ಗಾರೆ ಕೆಲಸ ಮಾಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಊರಿಗೆ ಬಂದರು. ಕೆಲಸ ಶುರುವಾದ ಮೇಲೆ ಅವರಿಬ್ಬರೂ ಹೋದರು, ಮಗುವನ್ನು ನಮ್ಮಲ್ಲೇ ಬಿಟ್ಟರು. ಅಂದಿನಿಂದ ಅವಳು ನನ್ನ ಮತ್ತು ನನ್ನ ಹೆಂಡತಿಯ ಜೊತೆ ಇದೇ ಮನೆಯಲ್ಲಿದ್ದಾಳೆ. 1ರಿಂದ 5ನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಓದಿ ತೇರ್ಗಡೆಯಾಗಿದ್ದಾಳೆ.

ಈಗ ತಾಲ್ಲೂಕಿನ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದೆ. ದಾಖಲೆ ಸಲ್ಲಿಸಲು ಕೊನೆಯ ದಿನ 26.05.2025. ಆಧಾರ್‌ನಲ್ಲಿ ಬೆಂಗಳೂರು ವಿಳಾಸ ಇರುವುದರಿಂದ ಕಂದಾಯ ಇಲಾಖೆಯ ವಾಸಸ್ಥಳ ಪತ್ರವನ್ನೇ ಶಾಲೆಯವರು ಕೇಳಿದ್ದಾರೆ.

ಈ ಬೆಂಗಳೂರು ವಿಳಾಸದ ವಿಚಾರವನ್ನು ಮೊದಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ಅರ್ಜಿ ನಿಲ್ಲುವುದಾದರೆ ಇಲ್ಲೇ ನಿಲ್ಲುತ್ತದೆ. ಮಗು ಚಿಕ್ಕದಿದ್ದಾಗ, 2016ರಲ್ಲಿ, ಅವಳ ಆಧಾರ್ ಮಾಡಿಸಿದ್ದು ಹೆಣ್ಣೂರಿನ ಬಳಿ. ಅದಕ್ಕೂ ಮುಂಚೆ ಮಗ ಗ್ಯಾಸ್ ಸಂಪರ್ಕಕ್ಕಾಗಿ ತನ್ನ ಆಧಾರ್‌ಗೆ ಅಲ್ಲಿನ ಶೆಡ್ಡಿನ ವಿಳಾಸ ಹಾಕಿಸಿದ್ದ, ಮಗುವಿನ ಆಧಾರ್‌ಗೂ ಅದೇ ಬಂತು. ಕಟ್ಟಡದ ಕೆಲಸ ಮುಗಿಯುತ್ತಿದ್ದಂತೆ ಶೆಡ್ಡು ಕಿತ್ತರು, ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ. ಕೆಲಸ ಇದ್ದಲ್ಲಿಗೆ ಮಗ ಮತ್ತು ಸೊಸೆ ಹೋಗುತ್ತಾರೆ, ಅವರಿಗೆ ಅಲ್ಲಿ ಬಾಡಿಗೆ ಕರಾರು ಪತ್ರ ಇಲ್ಲ, ಕರೆಂಟ್ ಬಿಲ್ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಯಾವ ಕಚೇರಿಯೂ ಈ ಮಗುವಿಗೆ ವಾಸಸ್ಥಳ ಪತ್ರ ಕೊಡಲು ಸಾಧ್ಯವಿಲ್ಲ. ಇರುವ ಊರು ಇದೊಂದೇ. ಆಧಾರ್ ಸಂಖ್ಯೆಯೊಂದೇ ವಾಸಸ್ಥಳಕ್ಕೆ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ ಕಲಂ 9 ಹೇಳುತ್ತದೆ. ಹೀಗಾಗಿ ಆ ವಿಳಾಸವನ್ನು ಮಾತ್ರ ನೋಡದೆ, ಮಗು ನಿಜವಾಗಿ ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ಸ್ಥಳದಲ್ಲಿ ವಿಚಾರಿಸಿ ತೀರ್ಮಾನಿಸಬೇಕೆಂದು ಕೋರುತ್ತೇನೆ.

ಅವಳು ಇಲ್ಲೇ ಇದ್ದಾಳೆ ಎನ್ನುವುದಕ್ಕೆ ಎಲ್ಲಕ್ಕಿಂತ ಗಟ್ಟಿ ದಾಖಲೆ ಶಾಲೆಯದು. 2020-21ರಿಂದ 2024-25ರವರೆಗಿನ ವ್ಯಾಸಂಗ ಪ್ರಮಾಣ ಪತ್ರಕ್ಕೆ ಮುಖ್ಯ ಗುರುಗಳ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಎರಡೂ ಆಗಿವೆ, ಸ್ಯಾಟ್ಸ್ ಸಂಖ್ಯೆಯೂ ಅದರಲ್ಲಿದೆ. ದಿನದ ಹಾಜರಿ ಪುಸ್ತಕವನ್ನೂ ಬಿಸಿಯೂಟದ ವಹಿಯನ್ನೂ ಗ್ರಾಮ ಆಡಳಿತ ಅಧಿಕಾರಿಗಳು ಶಾಲೆಯಲ್ಲೇ ನೋಡಬಹುದು. ಪಡಿತರ ಚೀಟಿಯಲ್ಲಿ ಅವಳ ಹೆಸರು ನನ್ನ ಕುಟುಂಬದಲ್ಲಿದೆ. ಮನೆ ನನ್ನ ಹೆಸರಿನಲ್ಲಿದ್ದು, ಪಂಚಾಯಿತಿ ತೆರಿಗೆ ರಸೀದಿ ಮತ್ತು ಜೆಸ್ಕಾಂ ಬಿಲ್ ಇಟ್ಟಿದ್ದೇನೆ. ಗೃಹಜ್ಯೋತಿಯಿಂದ ಬಿಲ್ಲಿನ ಮೊತ್ತ ಸೊನ್ನೆ ಎಂದಿದ್ದರೂ ಆರ್.ಆರ್. ಸಂಖ್ಯೆ, ವಿಳಾಸ ಸ್ಪಷ್ಟವಾಗಿವೆ.

ಸ್ಥಳ ಪರಿಶೀಲನೆಗೆ ಬರುವಾಗ ಒಂದು ಸಂಗತಿ ಗಮನದಲ್ಲಿರಲಿ. ಈ ತಿಂಗಳು ನಾವಿಬ್ಬರೂ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತೇವೆ, ಮಧ್ಯಾಹ್ನ 2ರವರೆಗೆ ಮನೆಗೆ ಬೀಗ ಇರುತ್ತದೆ, ಮಗು ಪಕ್ಕದ ನಮ್ಮ ತಮ್ಮನ ಮನೆಯಲ್ಲಿರುತ್ತದೆ. ಬೀಗ ಕಂಡು ‘ವಾಸವಿಲ್ಲ’ ಎಂದು ವರದಿಯಾದರೆ ಸರಿಪಡಿಸುವಷ್ಟರಲ್ಲಿ 26ನೇ ತಾರೀಖು ದಾಟಿಹೋಗುತ್ತದೆ. ಮಧ್ಯಾಹ್ನ 2ರ ನಂತರ ಬಂದರೆ ಎಲ್ಲರೂ ಸಿಗುತ್ತೇವೆ, ಅಥವಾ ಹಿಂದಿನ ದಿನ ಅರ್ಜಿಯಲ್ಲಿರುವ ಮೊಬೈಲ್‌ಗೆ ಹೇಳಿ ಕಳಿಸಿದರೆ ಕೂಲಿ ಬಿಟ್ಟು ಮನೆಯಲ್ಲಿರುತ್ತೇವೆ. ಮಹಜರಿಗೆ ಸಹಿ ಹಾಕಲು ಅಕ್ಕಪಕ್ಕದ ಐದು ಮನೆಯವರು ಒಪ್ಪಿದ್ದಾರೆ.

ಪತ್ರದಲ್ಲಿ ಹೆಸರು ‘ಭಾಗ್ಯಶ್ರೀ ತಂದೆ ಮರೆಪ್ಪ’ ಎಂದೇ ಇರಲಿ. ನಾನು ಪೋಷಕನಾಗಿ ಅರ್ಜಿ ಹಾಕಿದ್ದರಿಂದ ತಂದೆಯ ಕಾಲಂನಲ್ಲಿ ನನ್ನ ಹೆಸರು ಸೇರಿಬಿಟ್ಟರೆ ವರ್ಗಾವಣೆ ಪತ್ರದ ಜೊತೆ ತಾಳೆಯಾಗದೆ ಶಾಲೆಯಲ್ಲಿ ತೊಂದರೆಯಾಗುತ್ತದೆ. ವಿಳಾಸದ ಜಾಗದಲ್ಲಿ ಹಿರೇಕಲ್ಲೂರು ಮನೆಯ ವಿಳಾಸ, ವಾಸದ ಅವಧಿಯಲ್ಲಿ 2020ರಿಂದ ಎಂದು ನಮೂದಾಗಬೇಕು. ಜಾತಿ, ಆದಾಯ ಪತ್ರಗಳು ಈಗಾಗಲೇ ಇವೆ, ವಾಸಸ್ಥಳ ಪತ್ರವೊಂದೇ ಬೇಕಾಗಿರುವುದು.

ದಾಖಲೆಯಲ್ಲಿ ಏನಾದರೂ ಕೊರತೆ ಕಂಡುಬಂದರೆ ಕೂಡಲೇ ತಿಳಿಸಿರಿ, ಮರುದಿನವೇ ತಂದುಕೊಡುತ್ತೇನೆ. ಒಂದು ವೇಳೆ ನಿರಾಕರಿಸುವುದಾದರೆ ಕಾರಣ ಬರೆದು ಹಿಂಬರಹ ಕೊಡಬೇಕು. ಅದಿದ್ದರೆ ಸಕಾಲ ಕಾಯ್ದೆಯಡಿ ಮೇಲ್ಮನವಿ ಹಾಕಲು, ಶಾಲೆಯವರಲ್ಲಿ ಸಮಯ ಕೇಳಲು ಆಗುತ್ತದೆ. ಹತ್ತು ವರ್ಷದ ಹೆಣ್ಣುಮಗು ಚೆನ್ನಾಗಿ ಓದಿ ಪಡೆದ ಸೀಟು ಇದು, ದಯವಿಟ್ಟು 26.05.2025ರ ಒಳಗೆ ಪತ್ರ ಸಿಗುವಂತೆ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಲಗತ್ತುಗಳು: ವ್ಯಾಸಂಗ ಪ್ರಮಾಣ ಪತ್ರ, ವರ್ಗಾವಣೆ ಪತ್ರ, 09.11.2014ರ ಜನನ ಪ್ರಮಾಣ ಪತ್ರ, ಪಡಿತರ ಚೀಟಿ, ಮನೆ ತೆರಿಗೆ ರಸೀದಿ, ಜೆಸ್ಕಾಂ ಬಿಲ್, ನನ್ನ ಮತದಾರರ ಗುರುತಿನ ಚೀಟಿ ಮತ್ತು ಆಧಾರ್, ಮಗುವಿನ ಆಧಾರ್, ಮಗು ನಮ್ಮ ಬಳಿಯಿದೆ ಎಂದು ಮಗ–ಸೊಸೆ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ಮಗನ ಕಟ್ಟಡ ಕಾರ್ಮಿಕರ ಕಾರ್ಡಿನ ನಕಲು, ಶಾಲೆಯ ಸೀಟು ಹಂಚಿಕೆ ಪತ್ರ. ಮೂಲ ದಾಖಲೆಗಳನ್ನು ಪರಿಶೀಲನೆಗೆ ತಂದಿದ್ದೇನೆ.

ಸ್ಥಳ: ಹಿರೇಕಲ್ಲೂರು

ಇಂತಿ ತಮ್ಮ ವಿಶ್ವಾಸಿ,
ಭೀಮರಾಯ ತಂದೆ ಹಣಮಂತಪ್ಪ
(ಮಗುವಿನ ಅಜ್ಜ ಮತ್ತು ಪೋಷಕ)