ಹಿಂದೆ ಹೇಳುವವರಿಗೆ ಮೊದಲ ನಮಸ್ಕಾರ

ಎಲ್ಲರಿಗೂ ನಮಸ್ಕಾರ.

ದೀಪ ಹಚ್ಚಿಯಾಯಿತು. ಪರದೆಯ ಹಿಂದೆ ತಬಲಾ ಶ್ರುತಿ ಮಾಡುವ ಸುತ್ತಿಗೆಯ ಸದ್ದು ನಿಮಗೂ ಕೇಳುತ್ತಿರಬೇಕು. ಅದು ಕೂಡುವಷ್ಟರಲ್ಲಿ ಸ್ವಾಗತ ಮುಗಿಯಬೇಕು ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಆದರೆ 25 ವರ್ಷದ ಮಾತು. ನಾಲ್ಕು ನಿಮಿಷ ಹೆಚ್ಚಾದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ರಜತೋತ್ಸವಕ್ಕೆ ತಮಗೆಲ್ಲ ಆದರದ ಸ್ವಾಗತ. ಪುಣೆಯಿಂದ ಬೆಳಗಿನ ಗಾಡಿ ಹಿಡಿದು ಬಂದು, ಈ ಸಂಜೆ ನಮಗಾಗಿ ಹಾಡಲು ಒಪ್ಪಿರುವ ಹಿರಿಯ ಗಾಯಕರಿಗೆ ಸ್ವಾಗತ. ವೇದಿಕೆಯ ಮೇಲಿರುವ ಅಧ್ಯಕ್ಷರಿಗೆ, ಅತಿಥಿಗಳಿಗೆ ಸ್ವಾಗತ. ಇವತ್ತು ಭಾನುವಾರ, ಮಧ್ಯ ರೈಲ್ವೆಯಲ್ಲಿ ಮೆಗಾಬ್ಲಾಕ್. ಅಂಥದರಲ್ಲೂ ಮುಲುಂಡ್, ಘಾಟ್‌ಕೋಪರ್, ಮಾಟುಂಗಾದಿಂದ, ಅತ್ತ ಠಾಣೆಯಲ್ಲಿ ಗಾಡಿ ಬದಲಿಸಿಕೊಂಡು ವಾಶಿಯಿಂದ ಬಂದ ಬೇರೆ ಬೇರೆ ಮಂಡಳಿಗಳ ಅಕ್ಕಂದಿರು, ಅಣ್ಣಂದಿರು ಇಲ್ಲಿದ್ದೀರಿ. ಕೈಯಲ್ಲಿ ತಾಳದ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಸೇತುವೆ ಹತ್ತಿ ಇಳಿದು ಬಂದಿದ್ದೀರಿ. ನಿಮಗೆ ವಿಶೇಷ ಸ್ವಾಗತ.

ಈ ಮಂಡಳಿ ಹುಟ್ಟಿದ್ದು ದೇವಸ್ಥಾನದಲ್ಲಲ್ಲ, ಯಾರ ಮನೆಯಲ್ಲೂ ಅಲ್ಲ. ಹುಟ್ಟಿದ್ದು ಲೋಕಲ್ ಗಾಡಿಯಲ್ಲಿ. ಹಿರಿಯರಿಗೆ ಇದು ಗೊತ್ತು, ಚಿಕ್ಕವರು ಕೇಳಿಸಿಕೊಳ್ಳಲಿ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ, ನಿಲ್ಲಲು ಜಾಗವಿಲ್ಲದ ಡಬ್ಬಿಯಲ್ಲಿ, ಮರಾಠಿ ಭಜನಿ ಮಂಡಳಿಯವರು ದಿನಾ ಅಭಂಗ ಹಾಡುತ್ತಿದ್ದರು. ಡಬ್ಬಿಯ ತಗಡೇ ಅವರ ಪಖವಾಜ್. ನಮ್ಮವರು ಐದು ಜನ ಅದೇ ಡಬ್ಬಿಗೆ ಹತ್ತುತ್ತಿದ್ದರು. ಇಬ್ಬರು ಉಡುಪಿ ಕಡೆಯವರು, ಇಬ್ಬರು ಧಾರವಾಡದವರು, ಒಬ್ಬರು ವಿಜಯಪುರದವರು. ದಿನಾ ಕೇಳುತ್ತಾ ನಿಲ್ಲುತ್ತಿದ್ದರು. ಒಂದು ದಿನ ಆ ಮಂಡಳಿಯ ಬುವಾ, ‘ನಿಮ್ಮ ಭಾಷೆಯಲ್ಲಿ ಒಂದು ಹೇಳಿ’ ಎಂದರಂತೆ. ವಿಜಯಪುರದ ಕಾಕಾ ಪುರಂದರದಾಸರ ಒಂದು ಪದ ಎತ್ತಿಕೊಂಡರು. ಕೊನೆಯ ಚರಣದಲ್ಲಿ ‘ಪುರಂದರ ವಿಠಲ’ ಎಂಬ ಅಂಕಿತ ಬಂದದ್ದೇ ತಡ, ಇಡೀ ಡಬ್ಬಿ ‘ವಿಠ್ಠಲ ವಿಠ್ಠಲ’ ಎಂದು ದನಿಗೂಡಿಸಿತು. ಕನ್ನಡದ ಒಂದು ಅಕ್ಷರವೂ ಬಾರದವರು ಪಲ್ಲವಿಯನ್ನು ಹಿಂದೆ ಹೇಳಿದರು, ಮುಲುಂಡ್ ದಾಟುವವರೆಗೂ ಹೇಳಿದರು.

ಕಾಕಾ ಆ ದಿನದ ವಿಷಯ ಹೇಳುವಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಾರೆ. ಜ್ಞಾನೇಶ್ವರ ಮಹಾರಾಜರು ಪಂಢರಪುರದ ವಿಠ್ಠಲನನ್ನು ‘ಕಾನಡಾ’ ಎಂದರು, ಅಂದರೆ ಕನ್ನಡದವನು ಎಂದರು. ನಮ್ಮ ದಾಸರು ಅದೇ ವಿಠ್ಠಲನ ಹೆಸರನ್ನು ತಮ್ಮ ಹೆಸರಿನ ಜೊತೆ ಕಟ್ಟಿಕೊಂಡರು: ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು ಒಂದೇ ಕಂಠದಲ್ಲಿ ದಾಸರ ಪದವನ್ನೂ ಅಭಂಗವನ್ನೂ ಹಾಡಿದರು. ಇದೆಲ್ಲ ಪುಸ್ತಕದಲ್ಲಿ ಓದಿ ತಿಳಿಯುವ ವಿಷಯ ಎಂದುಕೊಂಡಿದ್ದೆ. ನಮ್ಮ ಐವರಿಗೆ ಅದು ಕಚೇರಿಗೆ ಹೋಗುವ ದಾರಿಯಲ್ಲಿ, ಬೆವರಿನ ನಡುವೆ, ಕಿವಿಗೆ ಬಿತ್ತು. ಮುಂದಿನ ಶನಿವಾರವೇ ಕಾಕಾ ಅವರ ಒಂದೂವರೆ ಕೋಣೆಯ ಮನೆಯಲ್ಲಿ ಮೊದಲ ಭಜನೆ ಕೂಡಿತು. ಆ ಶನಿವಾರ ಇವತ್ತಿಗೂ ತಪ್ಪಿಲ್ಲ.

ಅಂದರೆ ನಮ್ಮ ಮಂಡಳಿಗೆ ಮೊದಲ ಹಿಮ್ಮೇಳ ಹಾಡಿದವರು ಮರಾಠಿ ಬಂಧುಗಳು. ಅವರಲ್ಲಿ ಇಬ್ಬರು ಇವತ್ತು ಮೊದಲ ಸಾಲಿನಲ್ಲೇ ಕೂತಿದ್ದಾರೆ. ಬುವಾ, ಆಪಲೆ ಮನಃಪೂರ್ವಕ ಸ್ವಾಗತ. ಯಾ ಮಂಡಳಾಚಾ ಪಹಿಲಾ ಸೂರ ತುಮಚಾ ಆಹೆ.

ಹಿರಿಯರ ವಿಷಯಕ್ಕೆ ಬರುತ್ತೇನೆ. ಎಲ್ಲರ ಉಪಕಾರವನ್ನೂ ಹೇಳುತ್ತಾ ಹೋದರೆ ರಾತ್ರಿಯ ಕೊನೆಯ ಲೋಕಲ್ ಹೋಗಿಬಿಡುತ್ತದೆ. ಹಾರ್ಮೋನಿಯಂ ಮಾವನವರ ಒಂದು ಸಂಗತಿ ಮಾತ್ರ ಹೇಳುತ್ತೇನೆ. 2005ರ ಜುಲೈ 26ರ ಮಳೆಯಲ್ಲಿ ಅವರ ನೆಲಮಹಡಿಯ ಮನೆಗೆ ಮೊಣಕಾಲು ಮುಚ್ಚುವಷ್ಟು ನೀರು ಬಂತು. ಅವರು ಮೊದಲು ತಲೆಯ ಮೇಲೆ ಹೊತ್ತದ್ದು ಮಂಡಳಿಯ ಹಾರ್ಮೋನಿಯಂ. ಅದನ್ನು ಎರಡನೇ ಮಹಡಿಯವರ ಮಂಚದ ಮೇಲಿಟ್ಟು, ಮೇಲೆ ರಗ್ಗು ಹೊದಿಸಿ, ಆಮೇಲೆ ಮನೆಯ ಸಾಮಾನಿಗೆ ಕೈಹಾಕಿದರು. ಇವತ್ತು ನುಡಿಯುವುದೂ ಅದೇ ಪೆಟ್ಟಿಗೆ. ಅದರ ಒಂದು ಮನೆ ಸ್ವಲ್ಪ ಒತ್ತಿ ಹಿಡಿದರೆ ಮಾತ್ರ ನುಡಿಯುತ್ತದೆ, ಮಾವನವರ ಬೆರಳಿಗೆ ಮಾತ್ರ ಅದು ಗೊತ್ತು.

ಇನ್ನು ನಮ್ಮ ಮಂಡಳಿಯ ಅಜ್ಜಿಯ ಪದಗಳ ಪುಸ್ತಕದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೈಯಲ್ಲಿರುವುದು ಅದೇ. ಇನ್ನೂರು ಪುಟದ ಉದ್ದ ನೋಟುಬುಕ್ಕು, ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು, ಮಧ್ಯದ ಪುಟಗಳಲ್ಲಿ ಅರಿಶಿನದ ಬೆರಳಚ್ಚು. ಎಡಗಡೆ ಪುಟದಲ್ಲಿ ಪದ ಕನ್ನಡದಲ್ಲಿದೆ, ಬಲಗಡೆ ಅದೇ ಪದ ಮರಾಠಿ ಅಕ್ಷರದಲ್ಲಿದೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆಂದೇ ಅಜ್ಜಿ ತಮ್ಮ 68ನೇ ವಯಸ್ಸಿನಲ್ಲಿ ಬಾಳಬೋಧ ಕಲಿತರು. ಮೊಮ್ಮಗಳ ಒಂದನೇ ಇಯತ್ತೆಯ ಪಾಟಿಯ ಮೇಲೆ ತಿದ್ದಿ ಕಲಿತರು.

ಅಲ್ಲೊಂದು ತೊಡಕು ಬಂತು. ಮರಾಠಿ ಬರಹದಲ್ಲಿ ನಮ್ಮ ಹ್ರಸ್ವ ‘ಎ’, ‘ಒ’ ಬೇರೆಯಾಗಿ ಬರೆಯುವುದಿಲ್ಲ. ‘ಕೊಡು’ ಎಂದು ಬರೆದರೂ ‘ಕೋಡು’ ಎಂದು ಬರೆದರೂ ಕಾಣುವುದು ಒಂದೇ. ದೇವರೆದುರು ನಿಂತ ಮಗು ‘ಭಕುತಿಯ ಕೊಡು’ ಎನ್ನಬೇಕಾದಲ್ಲಿ ಬಹಳ ಭಕ್ತಿಯಿಂದ ‘ಕೋಡು’ ಎಂದಿತು. ಎಲ್ಲರೂ ನಕ್ಕರು, ಮಗು ಮುದುಡಿ ಕೂತಿತು. ಅಜ್ಜಿ ನಗಲಿಲ್ಲ. ಮನೆಗೆ ಹೋಗಿ ಕೆಂಪು ಪೆನ್ನು ತೆಗೆದು, ಹ್ರಸ್ವ ಬರುವ ಕಡೆಯಲ್ಲೆಲ್ಲ ಅಕ್ಷರದ ತಲೆಯ ಮೇಲೆ ಒಂದೊಂದು ಚುಕ್ಕೆ ಇಟ್ಟರು. ನೂರಕ್ಕೂ ಹೆಚ್ಚು ಪದಗಳಲ್ಲಿ ಇಟ್ಟರು. ಮುಂದಿನ ಶನಿವಾರ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಚುಕ್ಕೆ ಕಂಡಲ್ಲಿ ಎಳೀಬೇಡ ಪುಟ್ಟಾ, ಅಷ್ಟೇ’ ಎಂದರು. ಆ ಮಗು ಇವತ್ತು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಈ ಸಂಜೆಯ ಮೊದಲ ಪದವನ್ನು ಅವಳೇ ಹೇಳಿಕೊಡುತ್ತಾಳೆ.

ಅಜ್ಜಿ ನಮ್ಮ ಮಂಡಳಿಯಲ್ಲಿ ಒಬ್ಬರೇ ಮುಂದೆ ನಿಂತು ಹಾಡಿದ್ದು ನನಗೆ ನೆನಪಿಲ್ಲ. ಯಾವಾಗಲೂ ಗೋಡೆಗೆ ಒರಗಿ ಕೂತು ಹಿಂದೆ ಹೇಳುವವರು. ನಾನು ಇವತ್ತು ಮುಖ್ಯವಾಗಿ ಕೃತಜ್ಞತೆ ಹೇಳಬೇಕೆಂದು ಬಂದದ್ದು ಹಾಗೆ ಹಿಂದೆ ಹೇಳುವವರಿಗೆ. ಚೆನ್ನಾಗಿ ಹಾಡುವವರಿಗೆ ಶಾಲು, ಚಪ್ಪಾಳೆ ಹೇಗೂ ಸಿಗುತ್ತದೆ, ಸಿಗಲೇಬೇಕು. ಆದರೆ ಕಛೇರಿಗೂ ಭಜನೆಗೂ ವ್ಯತ್ಯಾಸವಿದೆ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಹತ್ತು ಜನ ತಿರುಗಿ ಹೇಳಿದರೇ ಅದು ಭಜನೆ.

ಇದು ನಮಗೆ ಸರಿಯಾಗಿ ಅರ್ಥವಾದದ್ದು 2020ರಲ್ಲಿ. ಆ ಮಾರ್ಚಿನಲ್ಲಿ ಲೋಕಲ್ ನಿಂತಿತು, ಸೊಸೈಟಿಯ ಗೇಟು ಮುಚ್ಚಿತು. ಶನಿವಾರ ಬಿಡಬಾರದು ಎಂದು ಫೋನಿನಲ್ಲಿ ವಿಡಿಯೊ ಹಚ್ಚಿ ಕೂತೆವು. ಎಲ್ಲರೂ ಒಟ್ಟಿಗೆ ಹೇಳಿದರೆ ದನಿ ಹಿಂದುಮುಂದಾಗಿ ಸಂತೆಯಂತಾಯಿತು. ಕಡೆಗೆ ಒಬ್ಬರು ಹಾಡುವುದು, ಉಳಿದವರು ಮೈಕು ಮುಚ್ಚಿ ತಮ್ಮ ಮನೆಯಲ್ಲೇ ಹಿಂದೆ ಹೇಳುವುದು ಎಂದಾಯಿತು. ನಮ್ಮ ಮುಖ್ಯ ಗಾಯಕಿ, ಧಾರವಾಡದ ವೈನಿ, ಪಲ್ಲವಿ ಹೇಳಿ ರೂಢಿಯಂತೆ ನಿಲ್ಲಿಸಿದರು. ಮರುದನಿ ಬರಲಿಲ್ಲ. ಪರದೆಯ ಮೇಲೆ ನಮ್ಮ ತುಟಿಗಳು ಅಲ್ಲಾಡುತ್ತಿದ್ದವು, ಕೈಗಳು ತಾಳ ಹಾಕುತ್ತಿದ್ದವು, ಸದ್ದಿಲ್ಲ. ವೈನಿಯ ಗಂಟಲು ಕಟ್ಟಿತು. ‘ಇಷ್ಟು ವರ್ಷ ನಾ ಹಾಡ್ತೀನಿ ಅನ್ಕೊಂಡಿದ್ದೆ, ನೀವೆಲ್ಲಾ ಹಾಡಸ್ತಿದ್ರಿ’ ಎಂದರು. ಆಮೇಲೆ ನಮ್ಮ ತುಟಿಗಳನ್ನೇ ನೋಡಿಕೊಂಡು, ನಮಗೆ ಬೇಕಾದಷ್ಟು ಹೊತ್ತು ಕಾದು, ಮುಂದಿನ ಚರಣ ಎತ್ತಿಕೊಂಡರು. ಹಾಗೆಯೇ ತಿಂಗಳುಗಟ್ಟಲೆ ನಡೆಯಿತು.

ಆ ಎರಡು ವರ್ಷಗಳಲ್ಲಿ ಐದು ಜನ ಸ್ಥಾಪಕರಲ್ಲಿ ಇಬ್ಬರನ್ನು ಕಳೆದುಕೊಂಡೆವು. ಅವರನ್ನು ನಾವು ಸರಿಯಾಗಿ ಕಳಿಸಿಕೊಡಲೂ ಆಗಲಿಲ್ಲ, ಭಜನೆ ಹೇಳಿ ಕಳಿಸಬೇಕಾದವರನ್ನು ಮೌನದಲ್ಲಿ ಕಳಿಸಿದೆವು. ಅವರ ಕಂಚಿನ ತಾಳಗಳು ದೇವರ ಪಟದ ಮುಂದಿವೆ. ದಾರ ಹಳತಾಗಿ ತುಂಡಾಗಿತ್ತು, ಅವರ ಮನೆಯವರು ಹೊಸ ದಾರ ಪೋಣಿಸಿ ತಂದಿದ್ದಾರೆ. ಅವರ ಮನೆಯವರೆಲ್ಲ ಇಲ್ಲಿದ್ದೀರಿ. ನಿಮ್ಮನ್ನು ಅತಿಥಿಗಳೆಂದು ಸ್ವಾಗತಿಸಲು ನನಗೆ ಮನಸ್ಸಿಲ್ಲ, ಇದು ನಿಮ್ಮದೇ ಮನೆ. ಆ ತಾಳಗಳನ್ನು ಇವತ್ತು ಅವರ ಮೊಮ್ಮಕ್ಕಳು ಬಾರಿಸುತ್ತಾರೆ.

ಇನ್ನು ಗಾಯಕರಿಗೆ, ವಾದ್ಯದವರಿಗೆ ಧನ್ಯವಾದ. ಪುಷ್ಯ ಅಮಾವಾಸ್ಯೆಯ ಪುರಂದರದಾಸರ ಆರಾಧನೆ ಇರಲಿ, ಆಷಾಢ ಏಕಾದಶಿ ಇರಲಿ, ಕರೆದವರ ಮನೆಯ ಸತ್ಯನಾರಾಯಣ ಪೂಜೆ ಇರಲಿ, ದಿನವಿಡೀ ದುಡಿದು ಬಂದು ಹಾಡಿದ್ದೀರಿ. ಮಳೆಗಾಲದಲ್ಲಿ ತಬಲಾದ ಚರ್ಮ ಸಡಿಲಾಗದಂತೆ ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟು ಬಿಸಿ ಮಾಡಿ ತರುವ ನಮ್ಮ ತಬಲಾ ಹುಡುಗನಿಗೆ, ಶನಿವಾರ ಸಂಜೆ ಬೇರೇನನ್ನೂ ಇಟ್ಟುಕೊಳ್ಳದ ಅವನ ಹೆಂಡತಿಗೆ, ಇಬ್ಬರಿಗೂ ಧನ್ಯವಾದ. ವಾರವಾರ ಒಂದೊಂದು ಮನೆಯಲ್ಲಿ ಸೋಫಾ ಸರಿಸಿ ಜಮಖಾನೆ ಹಾಸಿದವರಿಗೆ, ಕರಾವಳಿಯ ಪಂಚಕಜ್ಜಾಯವನ್ನೂ ಬಯಲುಸೀಮೆಯ ಒಗ್ಗರಣೆ ಅವಲಕ್ಕಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಟ್ಟವರಿಗೆ, ಗೋಡೆಯಾಚೆ ಪರೀಕ್ಷೆಗೆ ಓದುವ ಮಕ್ಕಳಿದ್ದರೂ ಒಂದು ದಿನವೂ ಬೇಡ ಎನ್ನದ ನೆರೆಯವರಿಗೆ ಧನ್ಯವಾದ.

ತಬಲಾ ಸದ್ದು ನಿಂತಿತು. ಶ್ರುತಿ ಕೂಡಿರಬೇಕು.

ಮೊದಲು ಪ್ರಾರ್ಥನೆ, ಆಮೇಲೆ ಮಂಡಳಿಯ ಭಜನೆ, ನಂತರ ಹಿರಿಯರ ಸನ್ಮಾನ, ಅತಿಥಿಗಳ ಗಾಯನ, ಕೊನೆಗೆ ಮಂಗಳ. ಪ್ರಸಾದ ತೆಗೆದುಕೊಳ್ಳದೆ ಯಾರೂ ಹೋಗಬಾರದು. ವಾಶಿ ಕಡೆಯವರಿಗೆ ಪೊಟ್ಟಣ ಕಟ್ಟಿ ಇಟ್ಟಿದ್ದೇವೆ, ಬಾಗಿಲ ಬಳಿ ಕೇಳಿ.

ಪುಟ್ಟಾ, ಬಾ. ಅಜ್ಜಿಯ ಪುಸ್ತಕ ತಗೋ, ಹನ್ನೊಂದನೇ ಪುಟ. ಅಜ್ಜಿ, ನೀವು ಇವತ್ತು ಗೋಡೆಗೆ ಒರಗುವುದು ಬೇಡ, ಅವಳ ಪಕ್ಕ ಬಂದು ಕೂತುಕೊಳ್ಳಿ. ಸಭೆಯವರೆಲ್ಲ ತಾಳ ಕೈಗೆ ತೆಗೆದುಕೊಳ್ಳಿ, ಇಲ್ಲದವರು ಚಪ್ಪಾಳೆ ಹಾಕಿ. ಅವಳು ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ. ಹಿಂದೆ ಹೇಳಿ.