ಮನೆಯಿಂದ ಕೆಲಸ: ಹೊಸ ನಿಯಮಗಳ ಸಾರಾಂಶ (ಶಿವಮೊಗ್ಗ ಕಚೇರಿ)

ಎಲ್ಲರಿಗೂ ನಮಸ್ಕಾರ.

ಮನೆಯಿಂದ ಕೆಲಸ ಮಾಡುವ ಹೊಸ ನಿಯಮಾವಳಿ ಜೂನ್ 1ರಿಂದ ಜಾರಿಗೆ ಬರುತ್ತದೆ. ಮೂಲ ಕಡತ 22 ಪುಟ ಇದೆ. ಅದರಲ್ಲಿ ನಮ್ಮ ಕಚೇರಿಯವರಿಗೆ ದಿನಾ ಬೇಕಾಗುವುದನ್ನು ಮಾತ್ರ ಇಲ್ಲಿ ಬರೆದಿದ್ದೇವೆ. ಎರಡರ ನಡುವೆ ಎಲ್ಲಾದರೂ ವ್ಯತ್ಯಾಸ ಕಂಡರೆ ಮೂಲ ಕಡತದಲ್ಲಿ ಇರುವುದೇ ಲೆಕ್ಕ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಓಡಾಡುವವರು ಮಳೆಗಾಲದ ಭಾಗವನ್ನು ದಯವಿಟ್ಟು ಪೂರ್ತಿ ಓದಿ.

ಯಾರಿಗೆ ಅವಕಾಶ

ಕೆಲಸಕ್ಕೆ ಸೇರಿ 6 ತಿಂಗಳಾಗಿ, ಪ್ರೊಬೇಷನ್ ಮುಗಿದವರು ವಾರಕ್ಕೆ 2 ದಿನ ಮನೆಯಿಂದ ಕೆಲಸ ಮಾಡಬಹುದು. ಟ್ರೈನಿಗಳಿಗೆ ಸದ್ಯಕ್ಕೆ ಇಲ್ಲ. ಪಕ್ಕದಲ್ಲಿ ಕೂತು ಕಲಿಯಬೇಕಾದ ಸಮಯ ಅದು. ರಿಸೆಪ್ಷನ್, ಸ್ಟೋರ್ ಮತ್ತು ಸರ್ವರ್ ರೂಮಿನ ಕೆಲಸ ಕಚೇರಿಯಲ್ಲೇ ಆಗಬೇಕು. ಗುತ್ತಿಗೆ ನೌಕರರ ವಿಷಯದಲ್ಲಿ ಅವರ ಒಪ್ಪಂದದಲ್ಲಿ ಏನಿದೆಯೋ ಹಾಗೆ.

ಆರೋಗ್ಯ ಸರಿಯಿಲ್ಲದವರು, ಗರ್ಭಿಣಿಯರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ವಾರಕ್ಕೆ 4 ದಿನದವರೆಗೂ ಕೇಳಬಹುದು. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಹೊಂದುವುದಾದರೆ, ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಲು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಅವಕಾಶ ಕೊಟ್ಟಿದ್ದಾರೆ. ಹಾಗಾಗಿ ಕೇಳಲು ಸಂಕೋಚ ಬೇಡ.

ಮನೆಯಲ್ಲಿ 30 ಎಂಬಿಪಿಎಸ್ ಇಂಟರ್ನೆಟ್ ಮತ್ತು ಕರೆಂಟ್ ಹೋದರೆ ಕನಿಷ್ಠ 2 ಗಂಟೆ ನಡೆಯುವ ಬ್ಯಾಕಪ್ ಇರಬೇಕು. ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಪೇಟೆಯಲ್ಲಿರುವ ಅಕ್ಕನ ಮನೆಯಲ್ಲಿ ಕೂರುತ್ತೇನೆ ಅಂದರೆ ಅದೂ ಆಗುತ್ತದೆ. ಅರ್ಜಿಯಲ್ಲಿ ಆ ವಿಳಾಸ ಬರೆದಿರಬೇಕು ಅಷ್ಟೇ. ರಾಜ್ಯದ ಹೊರಗಿನಿಂದ ಕೆಲಸ ಮಾಡಲು ಬೇರೆ ಅನುಮತಿ ಬೇಕು. ವಿದೇಶಕ್ಕೆ ಕಚೇರಿಯ ಲ್ಯಾಪ್‌ಟಾಪ್ ಒಯ್ಯುವ ಹಾಗಿಲ್ಲ.

ಇನ್ನೊಂದು ಮಾತು. ಮನೆಯಿಂದ ಕೆಲಸ ಅಂದರೆ ರಜೆ ಅಲ್ಲ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸ ಎಷ್ಟಿರುತ್ತದೆ ಅನ್ನುವುದು ನಮಗೆಲ್ಲ ಗೊತ್ತು. ಕೊನೆಗಾರರು ಬರುವ ದಿನ ನೀವು ತೋಟದಲ್ಲಿ ಇರಲೇಬೇಕು ಅಂದರೆ ರಜೆ ಹಾಕಿ. ಅರ್ಧ ದಿನದ ರಜೆಯೂ ಸಿಗುತ್ತದೆ. ಹಸಿರು ದೀಪ ಉರಿಸಿಟ್ಟು ತೋಟಕ್ಕೆ ಹೋದರೆ ಆ ಹೊತ್ತಿನ ಫೋನುಗಳನ್ನೆಲ್ಲ ತಂಡದ ಇನ್ನೊಬ್ಬರು ಹೊರಬೇಕಾಗುತ್ತದೆ. ಅದು ನ್ಯಾಯವಲ್ಲ, ಅಲ್ವಾ?

ಅನುಮತಿ

ಪ್ರತಿ ವಾರ ನಿಗದಿತ ದಿನ ಬೇಕಾದವರು ಹಿಂದಿನ ತಿಂಗಳ 20ರೊಳಗೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದು ಮೊದಲು ಟೀಮ್ ಲೀಡ್‌ಗೆ, ಆಮೇಲೆ ಸಿಬ್ಬಂದಿ ವಿಭಾಗಕ್ಕೆ ಬರುತ್ತದೆ. ಯಾವಾಗಲೋ ಒಂದು ದಿನ ಮಾತ್ರ ಬೇಕಾದರೆ ಹಿಂದಿನ ದಿನ ಸಂಜೆ 5ರೊಳಗೆ ಲೀಡ್ ಒಪ್ಪಿದರೆ ಸಾಕು.

ಉತ್ತರ ಬರಲಿಲ್ಲ ಅಂದರೆ ಒಪ್ಪಿದ್ದಾರೆ ಅಂತ ಅರ್ಥವಲ್ಲ. ಆದರೆ ಸುಮ್ನೆ ಕಾಯುತ್ತಾ ಕೂರಬೇಕಾಗಿಯೂ ಇಲ್ಲ. 2 ಕೆಲಸದ ದಿನಗಳಲ್ಲಿ ಲೀಡ್ ಉತ್ತರಿಸದಿದ್ದರೆ ಅರ್ಜಿ ತಾನಾಗಿ ಮ್ಯಾನೇಜರ್‌ಗೆ ಹೋಗುತ್ತದೆ. ಇಲ್ಲ ಅನ್ನುವವರು ಕಾರಣ ಬರೆದೇ ಕೊಡಬೇಕು. ಆ ಕಾರಣ ಸರಿ ಅನ್ನಿಸದಿದ್ದರೆ 7 ದಿನದೊಳಗೆ ಸಿಬ್ಬಂದಿ ವಿಭಾಗಕ್ಕೆ ಬರೆಯಿರಿ.

ಮಳೆ ದಿನಗಳಿಗೆ ಮಾತ್ರ ಬೇರೆ ನಿಯಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 6 ದಿನ, ಮುಂಚೆ ಹೇಳದಿದ್ದರೂ ಮನೆಯಿಂದ ಕೆಲಸ ಮಾಡಬಹುದು. ರಸ್ತೆಗೆ ಮರ ಬಿದ್ದಿದೆ, ಹಳ್ಳ ಉಕ್ಕಿದೆ, ಬಸ್ ಬಂದಿಲ್ಲ, ಮಕ್ಕಳ ಶಾಲೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದಾರೆ, ಇಂಥ ಕಾರಣ ಯಾವುದಾದರೂ ನಡೆಯುತ್ತದೆ. ಬೆಳಿಗ್ಗೆ 8.30ರೊಳಗೆ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿ, ಸಂಜೆಯೊಳಗೆ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ. ಫೋಟೋ, ಸಾಕ್ಷಿ ಏನೂ ಬೇಡ. ಈ 6 ದಿನ ವಾರದ 2 ದಿನದ ಲೆಕ್ಕಕ್ಕೆ ಸೇರುವುದಿಲ್ಲ. ತುಂಬಿದ ಹಳ್ಳಕ್ಕೆ ಬೈಕ್ ಇಳಿಸಿ ಯಾರೂ ಕಚೇರಿಗೆ ಬರಬೇಡಿ. ಈ ನಿಯಮ ಮಾಡಿರುವುದೇ ಅದಕ್ಕೆ.

ಕರೆಂಟೂ ನೆಟ್ಟೂ ಎರಡೂ ಹೋದರೆ ಲೀಡ್‌ಗೆ ಫೋನ್ ಮಾಡಿ ತಿಳಿಸಿ. 1912ಕ್ಕೆ ದೂರು ಕೊಟ್ಟು ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. 2 ಗಂಟೆ ದಾಟಿದರೂ ಬರದಿದ್ದರೆ ಆ ಸಮಯವನ್ನು ಅದೇ ವಾರದಲ್ಲಿ ಬೇರೆ ದಿನ ತುಂಬಿಕೊಡಬಹುದು. ಸಂಬಳ ಕಡಿತ ಇಲ್ಲ.

ಲ್ಯಾಪ್‌ಟಾಪ್ ಮತ್ತು ಇತರ ಸಾಮಾನು

ಕಚೇರಿಯಿಂದ ಲ್ಯಾಪ್‌ಟಾಪ್, ಹೆಡ್‌ಸೆಟ್, ಮೌಸ್ ಮತ್ತು ರೂಟರ್‌ಗೆ ಹಾಕುವ ಚಿಕ್ಕ ಯುಪಿಎಸ್ ಕೊಡುತ್ತೇವೆ. ಸಹಿ ಮಾಡಿ ಒಯ್ಯಬೇಕು. ಕೆಲಸ ಬಿಟ್ಟರೆ 7 ದಿನದೊಳಗೆ ವಾಪಸ್ ಮಾಡಬೇಕು.

ನಮ್ಮ ಕಡೆ ಈ ಸಾಮಾನಿಗೆ ದೊಡ್ಡ ಶತ್ರುಗಳು ಸಿಡಿಲು ಮತ್ತು ತೇವ. ಗುಡುಗು ಶುರುವಾದ ಕೂಡಲೇ ಚಾರ್ಜರ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದ್ದರೆ ಅದನ್ನೂ ಕಿತ್ತಿಡಿ. ಬರೀ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಸಾಧ್ಯವಾದಷ್ಟು ಕೆಲಸ ಮಾಡಿ, ಸಿಡಿಲಿನ ಕಾರಣಕ್ಕೆ ಮೀಟಿಂಗ್ ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ. ಆಷಾಢದ ಮಳೆಯಲ್ಲಿ ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಬ್ಯಾಗಿನೊಳಗೆ ಲ್ಯಾಪ್‌ಟಾಪ್ ಬಿಡಬೇಡಿ. ಬೆಚ್ಚಗಾಗಲಿ ಅಂತ ಒಲೆ ಹತ್ತಿರವೂ ಇಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಐಟಿ ವಿಭಾಗದಲ್ಲಿ ಇಟ್ಟಿದ್ದೇವೆ, ಕೇಳಿ ತೆಗೆದುಕೊಳ್ಳಿ.

ಏನೇ ಹಾಳಾದರೂ 24 ಗಂಟೆಯೊಳಗೆ ಐಟಿ ವಿಭಾಗಕ್ಕೆ ತಿಳಿಸಿ. ಸಿಡಿಲು, ವೋಲ್ಟೇಜ್ ಏರಿಳಿತ, ಕೈತಪ್ಪಿ ಬಿದ್ದದ್ದು ಇದಕ್ಕೆಲ್ಲ ನಿಮ್ಮಿಂದ ದುಡ್ಡು ಹಿಡಿಯುವುದಿಲ್ಲ. ಗೊತ್ತಿದ್ದೂ ಅಜಾಗರೂಕತೆ ಮಾಡಿದ್ದರೆ, ನಿಮ್ಮ ಮಾತು ಕೇಳಿದ ಮೇಲೆ, ರಿಪೇರಿ ಖರ್ಚಿನ ಅರ್ಧದವರೆಗೆ ಹಿಡಿಯಬಹುದು. ಕಳುವಾದರೆ ಪೊಲೀಸ್ ದೂರಿನ ಪ್ರತಿ ಬೇಕು. ಪೇಟೆಯ ರಿಪೇರಿ ಅಂಗಡಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅದರೊಳಗೆ ಗ್ರಾಹಕರ ಮಾಹಿತಿ ಇರುತ್ತದೆ, ಅದರ ಹೊಣೆ ನಮ್ಮದು. ಇದೇ ಕಾರಣಕ್ಕೆ ಮಕ್ಕಳ ಆನ್‌ಲೈನ್ ಕ್ಲಾಸಿಗೂ ಕೊಡುವಂತಿಲ್ಲ, ಸ್ವಂತ ಪೆನ್‌ಡ್ರೈವ್ ಹಾಕುವಂತಿಲ್ಲ. ಹೊರಗಡೆ ಕೂತಾಗ ಅಲ್ಲಿನ ವೈಫೈ ಬದಲು ನಿಮ್ಮ ಫೋನಿನ ಹಾಟ್‌ಸ್ಪಾಟ್ ಬಳಸಿ.

ಖರ್ಚು ವಾಪಸ್ ಪಡೆಯುವುದು

ತಿಂಗಳಿಗೆ ಕನಿಷ್ಠ 6 ದಿನ ಮನೆಯಿಂದ ಕೆಲಸ ಮಾಡಿದವರಿಗೆ ಇಂಟರ್ನೆಟ್ ಬಿಲ್ ಜಿಎಸ್‌ಟಿ ಸೇರಿ 750 ರೂಪಾಯಿವರೆಗೆ ಸಿಗುತ್ತದೆ. ನಿಮ್ಮ ಪ್ಲಾನ್ 599 ರೂಪಾಯಿಯದ್ದಾದರೆ 18% ಜಿಎಸ್‌ಟಿ ಸೇರಿ 706.82 ಆಗುತ್ತದೆ, ಪೂರ್ತಿ ಬರುತ್ತದೆ. 799ರ ಪ್ಲಾನ್ 942.82 ಆಗುತ್ತದೆ. ಅದರಲ್ಲಿ 750 ನಾವು ಕೊಡುತ್ತೇವೆ, ಉಳಿದ 192.82 ನಿಮ್ಮದು.

ಬಿಲ್ ಅಪ್ಪನ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇದ್ದರೆ ಚಿಂತೆ ಬೇಡ. ನೀವು ಅರ್ಜಿಯಲ್ಲಿ ಕೊಟ್ಟ ವಿಳಾಸವೂ ಬಿಲ್ಲಿನ ವಿಳಾಸವೂ ಒಂದೇ ಇದ್ದರೆ ಸಾಕು. ಆದರೆ ಯುಪಿಐ ಸ್ಕ್ರೀನ್‌ಶಾಟ್ ಬಿಲ್ ಅಲ್ಲ. ಅದರಲ್ಲಿ ದುಡ್ಡು ಯಾರಿಗೆ ಹೋಯಿತು ಅಂತ ಇರುತ್ತದೆ, ಯಾತಕ್ಕೆ ಅಂತ ಇರುವುದಿಲ್ಲ. ಊರಿನ ಕೇಬಲ್‌ನವರಿಂದ ಕನೆಕ್ಷನ್ ಪಡೆದವರು ಬಿಲ್ ಸಂಖ್ಯೆ, ತಿಂಗಳು ಮತ್ತು ಮೊತ್ತ ಇರುವ ರಸೀದಿಯನ್ನು ಈಗಲೇ ಕೇಳಿ ಅಭ್ಯಾಸ ಮಾಡಿಕೊಳ್ಳಿ.

ತಿಂಗಳಿಗೆ 8 ದಿನ ಅಥವಾ ಜಾಸ್ತಿ ಮನೆಯಿಂದ ಕೆಲಸ ಮಾಡುವವರಿಗೆ ಕುರ್ಚಿ ಅಥವಾ ಮೇಜಿಗೆ 4,000 ರೂಪಾಯಿವರೆಗೆ, 3 ವರ್ಷಕ್ಕೆ ಒಮ್ಮೆ. ಕೊಳ್ಳುವ ಮುಂಚೆ ಅನುಮತಿ ಬೇಕು. ಕೊಂಡ ಮೇಲೆ ಕೇಳಿದರೆ ಕೊಡಲು ಬರುವುದಿಲ್ಲ. ಕರೆಂಟ್ ಬಿಲ್, ಇನ್ವರ್ಟರ್, ಕಾಫಿ-ತಿಂಡಿ ಇದರಲ್ಲಿ ಸೇರಿಲ್ಲ. ಮನೆಯಿಂದ ಕೆಲಸದ ದಿನ ನಿಮ್ಮನ್ನು ದಿಢೀರನೆ ಕಚೇರಿಗೆ ಕರೆಸಿಕೊಂಡರೆ ಹೋಗಿಬರುವ ಬಸ್ ಟಿಕೆಟ್ ಹಣ ಸಿಗುತ್ತದೆ. ಟಿಕೆಟ್ ಎಸೆಯಬೇಡಿ.

ಮುಂದಿನ ತಿಂಗಳ 5ರೊಳಗೆ ಬಿಲ್ ಹಾಕಿದರೆ ಆ ತಿಂಗಳ ಸಂಬಳದ ಜೊತೆ ಹಣ ಬರುತ್ತದೆ. ತಡವಾದರೆ ಅದರ ಮುಂದಿನ ತಿಂಗಳು. 60 ದಿನ ದಾಟಿದ ಬಿಲ್ ತೆಗೆದುಕೊಳ್ಳುವುದಿಲ್ಲ.

ಈಗಾಗಲೇ ಮನೆಯಿಂದ ಕೆಲಸ ಮಾಡುತ್ತಿರುವವರ ಹಳೆಯ ಅನುಮತಿ ಮೇ 31ಕ್ಕೆ ಮುಗಿಯುತ್ತದೆ. ಮೊದಲ ಸಲ ಆದ್ದರಿಂದ ಜೂನ್ ತಿಂಗಳ ಅರ್ಜಿಗೆ ಮೇ 25ರವರೆಗೆ ಸಮಯ ಕೊಟ್ಟಿದ್ದೇವೆ. ಪೋರ್ಟಲ್‌ನಲ್ಲಿ ತುಂಬಲು ಕಷ್ಟ ಆದವರು ಮಧ್ಯಾಹ್ನ 3ರಿಂದ 4ರ ನಡುವೆ ನಮ್ಮ ಮೇಜಿನ ಹತ್ತಿರ ಬನ್ನಿ, ಕೂತು ತುಂಬಿಸಿಕೊಡುತ್ತೇವೆ.

ಸಿಬ್ಬಂದಿ ವಿಭಾಗ
ಮಾಚೇನಹಳ್ಳಿ, ಶಿವಮೊಗ್ಗ